ಅಜ್ಜಿಯ ಮುಷ್ಟಿ: ದೇವಸ್ಥಾನದ ಮದುವೆಯೊಂದರ ಫೋಟೋಗಳಿಗೆ ಕ್ಯಾಪ್ಷನ್ ಬರೆದ ಪ್ರಕರಣ

ಮದುವೆ ಫೋಟೋಗ್ರಾಫರ್ ಆಗಿರುವ ಹುಡುಗನೊಬ್ಬ ನನಗೆ ಪರಿಚಯ. ನನ್ನನ್ನು ಅಕ್ಕ ಎನ್ನುತ್ತಾನೆ. ನನ್ನ ಕೆಲಸ ಪ್ರೂಫ್ ನೋಡುವುದು, ಜಾಹೀರಾತಿಗೆ ಸಾಲು ಬರೆಯುವುದು. ಹಾಗಾಗಿ ಆಗಾಗ ಅವನ ಮೆಸೇಜ್ ಬರುತ್ತದೆ. ಆ ದಿನ ಬಂದದ್ದು ಹತ್ತು ಫೋಟೋ, ಜೊತೆಗೆ ಇಷ್ಟು ಮಾತು: "ಅಕ್ಕಾ, ಒಂದು ದೇವಸ್ಥಾನದ ಮದುವೆ ಮಾಡಿದ್ದೆ. ಪೋರ್ಟ್‌ಫೋಲಿಯೋಗೆ ಹಾಕ್ತಿದ್ದೀನಿ. ಕ್ಯಾಪ್ಷನ್ ಬರ್ದಿದ್ದೀನಿ, ಒಂಚೂರು ಸರಿ ಮಾಡಿ ಕೊಡಿ. ಸಂಜೆನೇ ಹಾಕ್ಬೇಕು."

ಸಂಜೆಗೆ ಆಗಲಿಲ್ಲ, ನಾಲ್ಕು ದಿನ ಹಿಡಿಯಿತು. ನಾಲ್ಕಾರು ಸಾಲಿಗೆ ನಾಲ್ಕು ದಿನ ಯಾಕೆ ಬೇಕಾಯಿತು ಎನ್ನುವುದೇ ಈ ಬರಹದ ವಿಷಯ.

ಅವನು ಕಳಿಸಿದ ಕ್ಯಾಪ್ಷನ್ ಹೀಗಿತ್ತು:

"ಎರಡು ಹೃದಯಗಳ ಪವಿತ್ರ ಬಂಧನ. ದೇವರ ಸನ್ನಿಧಿಯಲ್ಲಿ ನಡೆದ ಸರಳ, ಸುಂದರ ವಿವಾಹದ ಮಧುರ ಕ್ಷಣಗಳು. ಮಾಂಗಲ್ಯಧಾರಣೆಯಿಂದ ಸಪ್ತಪದಿಯವರೆಗೆ ಪ್ರತಿ ನಗು, ಪ್ರತಿ ಕಣ್ಣೀರೂ ಸಹಜ. ಯಾವುದೂ ಹೇಳಿ ತೆಗೆಸಿದ್ದಲ್ಲ. ನಿಮ್ಮ ಕನಸಿನ ದಿನವನ್ನೂ ಸೆರೆಹಿಡಿಯಲು ಇಂದೇ ಸಂಪರ್ಕಿಸಿ."

ವ್ಯಾಕರಣದ ತಪ್ಪೇನೂ ಇಲ್ಲ, ಕಾಗುಣಿತವೂ ಸರಿ. ಆದರೆ ಅವನ ಹಿಂದಿನ ತಿಂಗಳ ಪೋಸ್ಟ್ ತೆಗೆದು ನೋಡಿದೆ. ದೊಡ್ಡ ಕಲ್ಯಾಣಮಂಟಪ, ಹೂವಿನ ವೇದಿಕೆ, ಆರತಕ್ಷತೆಯ ಬಣ್ಣದ ದೀಪಗಳು. ಈ ಕ್ಯಾಪ್ಷನ್ನಿನಿಂದ "ದೇವರ ಸನ್ನಿಧಿ" ಅನ್ನುವ ಎರಡು ಪದ ತೆಗೆದು ಆ ಫೋಟೋಗಳ ಕೆಳಗಿಟ್ಟರೆ ಒಂದಕ್ಷರ ಬದಲಿಸದೆ ಹೊಂದಿಕೊಳ್ಳುತ್ತಿತ್ತು. ಹಾಗಿರುವಾಗ ಅದು ಈ ಮದುವೆಯ ಕ್ಯಾಪ್ಷನ್ ಆಗುವುದು ಹೇಗೆ? ಅದನ್ನೇ ಅವನಿಗೆ ಹೇಳಿದೆ. "ಎಲ್ರೂ ಹೀಗೇ ಹಾಕ್ತಾರಲ್ಲ ಅಕ್ಕಾ" ಅಂದ. ನಿಜ. ಅದಕ್ಕೇ ಯಾರೂ ಓದುವುದಿಲ್ಲ.

ಮೊದಲು ಫೋಟೋ ನೋಡೋಣ ಎಂದು ಕೂತೆ. ಕಲ್ಲಿನ ಕಂಬಗಳ ಮಂಟಪ, ಬೆಳಗಿನ ಹೊತ್ತು, ಒಂದೇ ಬದಿಯಿಂದ ಬೆಳಕು. ಅರ್ಚಕರು ಮೊದಲೇ ಎರಡು ಮಾತು ಹೇಳಿದ್ದರಂತೆ: ಫ್ಲ್ಯಾಶ್ ಬೇಡ, ಗರ್ಭಗುಡಿಯ ಕಡೆ ಕ್ಯಾಮೆರಾ ತಿರುಗಿಸಬೇಡ. ಹೀಗಾಗಿ ಎಲ್ಲ ಫೋಟೋಗಳೂ ಒಂದು ಕಡೆ ಹೊಳೆದು ಇನ್ನೊಂದು ಕಡೆ ಕತ್ತಲಾಗಿವೆ. ಬೆಳಕು ಕಡಿಮೆಯಾದ್ದರಿಂದ ಶಟರ್ ನಿಧಾನ ಇಟ್ಟಿದ್ದಾನೆ, ಗಾಳಿಯಲ್ಲಿದ್ದ ಅಕ್ಷತೆ ಕಾಳುಗಳು ಸಣ್ಣ ಬಿಳಿ ಗೆರೆಗಳಾಗಿವೆ. ಅದು ಬೇಕೆಂದು ಮಾಡಿದ್ದಲ್ಲ, ಆದರೆ ಚೆನ್ನಾಗಿದೆ.

ಹತ್ತರಲ್ಲಿ ನನ್ನ ಕಣ್ಣು ನಿಂತದ್ದು ನಾಲ್ಕನೆಯದರ ಮೇಲೆ. ಹುಡುಗಿಯ ಅಜ್ಜಿ ಕಂಬಕ್ಕೊರಗಿ ನೆಲದ ಮೇಲೆ ಕೂತಿದ್ದಾರೆ. ಸುತ್ತ ನಿಂತವರ ಕೈಗಳೆಲ್ಲ ಮೇಲೆ ಹಾರಿವೆ, ಅಕ್ಷತೆ ಗಾಳಿಯಲ್ಲಿದೆ, ಆ ಕ್ಷಣ ಗಟ್ಟಿಮೇಳ ನಡೆಯುತ್ತಿತ್ತು ಅನ್ನುವುದು ಫೋಟೋದಲ್ಲೇ ಗೊತ್ತಾಗುತ್ತದೆ. ಅಜ್ಜಿಯ ಬಲಗೈ ಮಾತ್ರ ಮಡಿಲಲ್ಲಿ ಮುಷ್ಟಿ ಕಟ್ಟಿಕೊಂಡಿದೆ. ಬೆರಳ ಸಂದಿಯಲ್ಲಿ ಒಂದೆರಡು ಅರಿಶಿನದ ಕಾಳು. ಕಣ್ಣು ಮಂಟಪದ ಕಡೆ.

ಸಾಮಾನ್ಯವಾಗಿ ಇಂಥ ಪೋಸ್ಟಿನಲ್ಲಿ ಮೊದಲ ಫೋಟೋ ಮಾಂಗಲ್ಯಧಾರಣೆಯದೇ ಆಗಿರುತ್ತದೆ. ಇವನೂ ಅದನ್ನೇ ಮುಂದಿಟ್ಟಿದ್ದ. ಅದರಲ್ಲೊಂದು ತೊಂದರೆ ಇದೆ. ತಾಳಿ ಕಟ್ಟುವ ಫೋಟೋಗೆ ಕ್ಯಾಪ್ಷನ್ ಬೇಕಾಗುವುದೇ ಇಲ್ಲ. ಏನಾಗುತ್ತಿದೆ ಅನ್ನುವುದು ನೋಡುವವರಿಗೆಲ್ಲ ಗೊತ್ತು. ಅಲ್ಲಿ "ಮಧುರ ಕ್ಷಣ" ಎಂದು ಬರೆದರೆ ಕಂಡದ್ದನ್ನೇ ಇನ್ನೊಮ್ಮೆ ಹೇಳಿದ ಹಾಗೆ. ಮುಷ್ಟಿಯ ಫೋಟೋ ಹಾಗಲ್ಲ. ನೋಡಿದವರಿಗೆ ಒಂದು ಪ್ರಶ್ನೆ ಏಳುತ್ತದೆ: ಯಾಕೆ ಹಾಕಲಿಲ್ಲ? ಅದಕ್ಕೆ ಉತ್ತರ ಫೋಟೋದಲ್ಲಿಲ್ಲ. ಕ್ಯಾಪ್ಷನ್ನಿಗೆ ಕೆಲಸ ಇರುವುದು ಅಲ್ಲಿ.

ಮೊದಲ ದಿನ ನಾನು ಬರೆದ ಸಾಲು: "ಮೊಮ್ಮಗಳನ್ನು ನೋಡುತ್ತಾ ನೋಡುತ್ತಾ ಅಕ್ಷತೆ ಹಾಕುವುದನ್ನೇ ಮರೆತ ಅಜ್ಜಿ." ಓದಿ ಖುಷಿಯಾಯಿತು. ಅವನಿಗೂ ಖುಷಿಯಾಯಿತು. ಹಾಕಿಬಿಡೋಣ ಅಂದ. ಹಾಕುವ ಮೊದಲು ಹುಡುಗಿಗೆ ಒಮ್ಮೆ ತೋರಿಸು ಎಂದೆ, ಅದು ನನ್ನ ಹಳೇ ಅಭ್ಯಾಸ. ಅವಳ ಉತ್ತರ ವಾಯ್ಸ್ ಮೆಸೇಜಿನಲ್ಲಿ ಬಂತು: "ಅಯ್ಯೋ ಅಣ್ಣಾ, ಅಜ್ಜಿ ಏನೂ ಮರ್ತಿಲ್ಲ. ಅವ್ರು ದೂರದಿಂದ ಎಸೆಯೋದೇ ಇಲ್ಲ. ಯಾರ ಮದ್ವೆಗೆ ಹೋದ್ರೂ ಹಂಗೇ. ಎಲ್ಲ ಮುಗಿದ್ಮೇಲೆ ಹತ್ರ ಬಂದು ತಲೆ ಮೇಲೆ ಹಾಕ್ತಾರೆ. ಮರ್ತೋದ್ರು ಅಂತ ಹಾಕಿದ್ರೆ ನನ್ನ ಸುಮ್ನೆ ಬಿಡಲ್ಲ ಅವ್ರು."

ಕ್ಯಾಂಡಿಡ್ ಫೋಟೋಗೆ ಕ್ಯಾಪ್ಷನ್ ಬರೆಯುವಾಗ ಆಗುವ ದೊಡ್ಡ ತಪ್ಪು ಇದೇ. ಮುಖ ನೋಡಿ ಮನಸ್ಸನ್ನು ಊಹಿಸಿಬಿಡುತ್ತೇವೆ. ಕಣ್ಣಂಚು ಒದ್ದೆಯಾಗಿದ್ದರೆ ಆನಂದಬಾಷ್ಪ. ಹೋಮದ ಹೊಗೆ ಎಷ್ಟಿತ್ತೆಂದು ಯಾರೂ ಕೇಳುವುದಿಲ್ಲ. ತಲೆ ತಗ್ಗಿಸಿದ್ದರೆ ನಾಚಿಕೆ. ಬಾಸಿಂಗದ ದಾರ ಜಾರುತ್ತಿದ್ದಿರಬಹುದು. ನಿಲ್ಲಿಸಿ ತೆಗೆದ ಫೋಟೋದಲ್ಲಿ ಈ ಅಪಾಯ ಕಡಿಮೆ, ಅಲ್ಲಿನ ಮುಖಭಾವ ಕ್ಯಾಮೆರಾಕ್ಕಾಗಿಯೇ ಇರುವುದು. ಕ್ಯಾಂಡಿಡ್ ಆದರೆ ನಿಜವಾಗಿ ಏನೋ ನಡೆಯುತ್ತಿರುತ್ತದೆ, ಅದೇನೆಂದು ಅಲ್ಲಿದ್ದವರಿಗೇ ಗೊತ್ತು. ನನ್ನ ಸಾಲು ಒಬ್ಬ ಗಟ್ಟಿ ಹೆಂಗಸನ್ನು ಮರೆವಿನ ಮುದುಕಿ ಮಾಡಿತ್ತು, ಅದೂ ನೋಡಿದವರು ಅಯ್ಯೋ ಪಾಪ ಅನ್ನುವ ಹಾಗೆ.

ನಿಜ ಗೊತ್ತಾದ ಮೇಲೆ ಒಂದು ಲಾಭವೂ ಆಯಿತು. ಹತ್ತನೆಯ ಫೋಟೋ ನನಗೆ ಅಲ್ಲಿಯವರೆಗೆ ಸಾಧಾರಣ ಅನ್ನಿಸಿತ್ತು: ಅಜ್ಜಿ ಎದ್ದು ನಿಂತು ಇಬ್ಬರ ತಲೆಯ ಮೇಲೆ ಕೈಯಿಟ್ಟಿದ್ದಾರೆ. ಆಶೀರ್ವಾದದ ಫೋಟೋ, ಎಲ್ಲ ಮದುವೆಯಲ್ಲೂ ಇರುವಂಥದ್ದು. ಈಗ ನೋಡಿದರೆ ಅದು ನಾಲ್ಕನೆಯದರ ಮುಂದುವರಿಕೆ. ಅದೇ ಕೈ, ಅದೇ ಅಕ್ಷತೆ, ಈಗ ಬಿಚ್ಚಿದೆ. ಇವನಿಗೆ ಎರಡೂ ಸಿಕ್ಕಿವೆ, ಆದರೆ ಒಂದಕ್ಕೊಂದು ಸಂಬಂಧ ಇದೆಯೆಂದು ತೆಗೆದವನಿಗೇ ತಿಳಿದಿರಲಿಲ್ಲ. ನಾಲ್ಕನೆಯದನ್ನು ಮೊದಲಿಗೆ ತಂದು ಹತ್ತನೆಯದನ್ನು ಕೊನೆಗೇ ಬಿಟ್ಟೆವು. ಪೋಸ್ಟಿಗೆ ಆದಿ ಅಂತ್ಯ ಸಿಕ್ಕಿತು. ಮೊದಲ ಸಾಲು ಹೀಗಾಯಿತು:

"ಎಲ್ಲರ ಅಕ್ಷತೆ ಬಿದ್ದಾಯ್ತು, ಅಜ್ಜಿಯ ಮುಷ್ಟಿ ಇನ್ನೂ ಬಿಚ್ಚಿರಲಿಲ್ಲ."

ಇಲ್ಲಿ ಊಹೆ ಇಲ್ಲ. ಫೋಟೋದಲ್ಲಿ ಕಂಡದ್ದು, ಹುಡುಗಿ ಹೇಳಿದ್ದು ಅಷ್ಟೇ ಇದೆ. ಯಾಕೆ ಎಂಬುದು ಮುಂದಿನ ಸಾಲಿಗೆ ಉಳಿಯಿತು.

ಮೊದಲ ಸಾಲಿನ ಉದ್ದದ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಬರೆಯುವವರಿಗೆ ಇದು ಬೇಗ ಹೊಳೆಯುವುದಿಲ್ಲ. ಇನ್‌ಸ್ಟಾಗ್ರಾಂ ಕ್ಯಾಪ್ಷನ್ನಿಗೆ 2,200 ಅಕ್ಷರಗಳ ಮಿತಿ ಇದೆ. ಅಷ್ಟು ಯಾರೂ ಬರೆಯುವುದಿಲ್ಲ, ಅದು ತೊಂದರೆಯಲ್ಲ. ಆದರೆ ಫೀಡಿನಲ್ಲಿ ಕಾಣುವುದು ಸುಮಾರು ಮೊದಲ 125ರಷ್ಟೇ, ಆಮೇಲೆ "more" ಎಂದು ಬಂದು ಉಳಿದದ್ದು ಮಡಚಿಕೊಳ್ಳುತ್ತದೆ. ಈ ಲೆಕ್ಕ ನಾವು ಶಾಲೆಯಲ್ಲಿ ಕಲಿತ ಅಕ್ಷರದ ಲೆಕ್ಕ ಅಲ್ಲ. ಕಂಪ್ಯೂಟರಿಗೆ ವ್ಯಂಜನ ಬೇರೆ, ಗುಣಿತದ ಚಿಹ್ನೆ ಬೇರೆ, ಒತ್ತಿಗೆ ಬರುವ ಹಲಂತದ ಚಿಹ್ನೆ ಬೇರೆ. "ಮಾಂಗಲ್ಯ" ನಮಗೆ ಮೂರಕ್ಷರ; ಅದಕ್ಕೆ ಮ, ದೀರ್ಘ, ಸೊನ್ನೆ, ಗ, ಲ, ಹಲಂತದ ಚಿಹ್ನೆ, ಯ ಎಂದು ಏಳು. ಮೇಲಿನ ಸಾಲನ್ನೇ ಎಣಿಸಿದರೆ ನಮ್ಮ ಲೆಕ್ಕದಲ್ಲಿ 21 ಅಕ್ಷರ, ಜಾಗ ಮತ್ತು ಚಿಹ್ನೆ ಸೇರಿ ಯಂತ್ರದ ಲೆಕ್ಕದಲ್ಲಿ 58. ಅಂದರೆ ಆ 125ರಲ್ಲಿ ನಮ್ಮ ಲೆಕ್ಕದ ಅಕ್ಷರ ಹಿಡಿಸುವುದು ಅರ್ಧಕ್ಕಿಂತ ಕಡಿಮೆ. ಅವನ ಮೊದಲ ಕ್ಯಾಪ್ಷನ್ನಿನಲ್ಲಿ ಆ ಜಾಗವೆಲ್ಲ "ಪವಿತ್ರ ಬಂಧನ", "ಸರಳ, ಸುಂದರ" ಇವುಗಳಿಗೇ ಹೋಗಿತ್ತು. ಒತ್ತಕ್ಷರ ಜಾಸ್ತಿ ಇರುವ ಸಂಸ್ಕೃತ ಪದಗಳಿಗೆ ಈ ಲೆಕ್ಕದಲ್ಲಿ ಬೆಲೆ ಹೆಚ್ಚು, "ವಿವಾಹ ಮಹೋತ್ಸವ"ಕ್ಕಿಂತ "ಮದುವೆ" ಅಗ್ಗ. ಕೇಳುವುದಕ್ಕೂ ಅದೇ ಚೆಂದ, ಅದು ಬೇರೆ ಮಾತು.

ಎರಡನೇ ದಿನ ಬಂದದ್ದು "ಸರಳ"ದ ಸಮಸ್ಯೆ. ಇದು ನನಗೆ ಹೊಳೆದಿರಲೇ ಇಲ್ಲ.

ಹುಡುಗಿ ಫೋಟೋಗಳನ್ನೂ ಕ್ಯಾಪ್ಷನ್ನನ್ನೂ ಅಪ್ಪನಿಗೆ ತೋರಿಸಿದ್ದಾಳೆ. ಐದನೇ ಫೋಟೋದಲ್ಲಿ ಅವರೇ ಇದ್ದಾರೆ, ಮಂಟಪಕ್ಕೆ ಬೆನ್ನು ಹಾಕಿ ಶಲ್ಯದ ತುದಿಯಲ್ಲಿ ಕನ್ನಡಕ ಒರೆಸುತ್ತಾ. ಅದನ್ನು ಹಾಕಲು ಅವರದೇನೂ ತಕರಾರಿಲ್ಲ. ಪದದ ಬಗ್ಗೆ ಮಾತ್ರ ಫೋಟೋಗ್ರಾಫರನಿಗೆ ಫೋನ್ ಮಾಡಿದರು. "ಸರಳ ಅಂತ ಹಾಕ್ಬೇಡಪ್ಪಾ. ದೇವಸ್ಥಾನ, ಸರಳ ಎರಡೂ ಒಟ್ಟಿಗೆ ಬಂದ್ರೆ ಜನ ಬೇರೆ ಏನೋ ಓದ್ಕೋತಾರೆ. ಮನೆಯವ್ರಿಗೆ ಇಷ್ಟ ಇರ್ಲಿಲ್ವೇನೋ, ಅವ್ಸರಕ್ಕೆ ಮಾಡ್ಬಿಟ್ರೇನೋ ಅಂತಾರೆ. ನಮ್ಮಲ್ಲಿ ಎಲ್ರೂ ಒಪ್ಪಿ, ಕೂತು ಮಾತಾಡಿ ಮಾಡಿರೋ ಮದ್ವೆ ಇದು."

ಅವರು ಹೇಳಿದ್ದು ಸರಿ. ಕನ್ನಡದಲ್ಲಿ "ಸರಳ ಮದುವೆ" ಅನ್ನುವುದಕ್ಕೆ ಆಗಲೇ ಅರ್ಥಗಳು ಅಂಟಿಕೊಂಡಿವೆ. ಪತ್ರಿಕೆ ಓದುವವರಿಗೆ "ಸರಳ" ಅಂದ ಕೂಡಲೇ "ಸಾಮೂಹಿಕ" ನೆನಪಾಗುತ್ತದೆ. ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದಿರುವ ಸಾಮೂಹಿಕ ವಿವಾಹಗಳಂಥವುಗಳ ವರದಿಯಲ್ಲಿ ಎರಡೂ ಪದ ಜೋಡಿಯಾಗಿಯೇ ಬರುತ್ತವೆ. ಇನ್ನು ಕೆಲವರಿಗೆ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯ ನೆನಪಾಗುತ್ತದೆ. ಅದು ಪುರೋಹಿತರೇ ಇಲ್ಲದ ಮದುವೆ, ಇಲ್ಲಿ ಅರ್ಚಕರು ನಿಂತು ಮಾಡಿಸಿದ್ದಾರೆ. ಮೂರನೆಯದು ಅಪ್ಪ ಹೇಳಿದ್ದು. ದೇವಸ್ಥಾನದಲ್ಲಿ ನಾಲ್ಕು ಜನರ ಮುಂದೆ ಹಾರ ಬದಲಾಯಿಸಿಕೊಂಡವರೆಂದರೆ ಮನೆಬಿಟ್ಟು ಬಂದವರು ಎನ್ನುವ ಊಹೆ. ಮೂರೂ ಗೌರವಕ್ಕೆ ಕಡಿಮೆಯಾದ ಮದುವೆಗಳಲ್ಲ, ಆದರೆ ಮೂರೂ ಈ ಮದುವೆ ಅಲ್ಲ. ಒಂದೇ ಪದ ಓದುಗರನ್ನು ಮೂರು ದಿಕ್ಕಿಗೆ ಕರೆದುಕೊಂಡು ಹೋಗುತ್ತದೆ, ಒಂದೂ ಸರಿ ದಿಕ್ಕಲ್ಲ.

ಫೋಟೋಗ್ರಾಫರನಿಗೆ ಮಾತ್ರ ಆ ಪದ ಬೇಕಿತ್ತು, ಅದಕ್ಕೆ ಕಾರಣವೂ ಇತ್ತು. ಇಂಥ ಚಿಕ್ಕ ಮದುವೆಗಳ ಕೆಲಸ ಇನ್ನಷ್ಟು ಬರಲಿ ಎಂದು ಅವನ ಆಸೆ. ದೊಡ್ಡ ಮಂಟಪದ ಫೋಟೋ ನೋಡಿದವರು ಇವನು ದೊಡ್ಡ ಮದುವೆಗಳಿಗೆ ಮಾತ್ರ ಬರುವವನು ಎಂದುಕೊಳ್ಳುತ್ತಾರಂತೆ. "ಚಿಕ್ಕದು ಅಂತ ಹೇಳದೆ ಚಿಕ್ಕದು ಅಂತ ಗೊತ್ತಾಗೋದು ಹೆಂಗಕ್ಕಾ?"

ಒಳ್ಳೆಯ ಪ್ರಶ್ನೆ. ವಿಶೇಷಣ ತೆಗೆದು ಎಣಿಕೆ ಇಡೋಣ ಎಂದೆ. ಎಷ್ಟು ಜನ ಇದ್ದರು? ಅವನಿಗೆ ಗೊತ್ತಿರಲಿಲ್ಲ, ಗುಂಪು ಫೋಟೋ ತೆರೆದು ಎಣಿಸಿದ. ಮಕ್ಕಳೂ ಸೇರಿ 38. "ಎರಡೂ ಮನೆ ಸೇರಿ 38 ಜನ." ಈ ಐದು ಪದದಲ್ಲಿ ಚಿಕ್ಕದು ಅನ್ನುವುದೂ ಬಂತು, ಎರಡೂ ಮನೆಯವರು ಇದ್ದರು ಅನ್ನುವುದೂ ಬಂತು. ಅಪ್ಪನ ಆತಂಕಕ್ಕೆ ಅಷ್ಟು ಸಾಕಾಗದು ಅನ್ನಿಸಿ, ನಡುವಿನ ಫೋಟೋಗಳಲ್ಲಿ ಯಾರಿದ್ದಾರೋ ಅವರನ್ನು ಸಂಬಂಧ ಹೇಳಿಯೇ ಬರೆಯೋಣ ಎಂದುಕೊಂಡೆ. ಹುಡುಗಿಯ ಅಪ್ಪ, ಹುಡುಗನ ಕಡೆಯವರು, ಅಜ್ಜಿ. ಎಲ್ಲರೂ ಒಪ್ಪಿ ಮಾಡಿದ ಮದುವೆ ಎಂದು ಸಾರಬೇಕಾಗಿಲ್ಲ, ಯಾರು ಯಾರ ಪಕ್ಕ ನಿಂತಿದ್ದರು ಎಂದರೆ ಸಾಕು.

ಸಂಬಂಧ ಹೇಳಲು ಹೋಗಿ ಇನ್ನೊಂದು ಕಡೆ ಮುಗ್ಗರಿಸಿದೆವು. ಮಾಂಗಲ್ಯದ ಫೋಟೋ ಹಿಂದಿನಿಂದ ತೆಗೆದದ್ದು. ಹುಡುಗಿಯ ಜಡೆ ಎತ್ತಿ ಹಿಡಿದ ಒಂದು ಕೈ, ಹುಡುಗನ ಎರಡು ಕೈ, ದಾರದ ತುದಿ ಹಿಡಿದ ಇನ್ನೊಂದು ಬಳೆಯ ಕೈ. ಮುಖ ಯಾರದೂ ಇಲ್ಲ, ನನ್ನ ಪ್ರಕಾರ ಹತ್ತರಲ್ಲಿ ಎರಡನೇ ಒಳ್ಳೆಯ ಫೋಟೋ. ಆ ಬಳೆಯ ಕೈ ಯಾರದು ಎಂದು ಕೇಳಿದೆ. "ಅತ್ತಿಗೆ ಅಂತಿದ್ಳು ಹುಡುಗಿ" ಅಂದ. ಹಾಗಾದರೆ ಅಣ್ಣನ ಹೆಂಡತಿ ಎಂದು ಬರೆದೆ. ಬರೆದ ಮೇಲೆ ಅನುಮಾನ ಬಂತು. ಗಂಟು ಹಾಕಲು ಕೈಜೋಡಿಸುವುದು ಸಾಮಾನ್ಯವಾಗಿ ಹುಡುಗನ ಕಡೆಯ ಹೆಣ್ಣುಮಗಳು. ವಿಚಾರಿಸಿದರೆ ಹುಡುಗನ ಅಕ್ಕ. ಗಂಡನ ಅಕ್ಕನೂ ಅತ್ತಿಗೆಯೇ, ಅಣ್ಣನ ಹೆಂಡತಿಯೂ ಅತ್ತಿಗೆಯೇ. ಕ್ಯಾಪ್ಷನ್ನಿನಲ್ಲಿ "ಅತ್ತಿಗೆ" ಎಂದಷ್ಟೇ ಬರೆದಿದ್ದರೆ ಓದಿದವರಲ್ಲಿ ಅರ್ಧ ಜನ ಹುಡುಗಿಯ ಕಡೆಯವರು ಎಂದುಕೊಳ್ಳುತ್ತಿದ್ದರು. "ಹುಡುಗನ ಅಕ್ಕ" ಎಂದು ಬಿಡಿಸಿಯೇ ಬರೆಯಬೇಕಾಯಿತು. ಮದುವೆಯ ಫೋಟೋಗಳಲ್ಲಿ ನೆಂಟಸ್ತಿಕೆ ತಪ್ಪಿದರೆ ಕಾಗುಣಿತ ತಪ್ಪಿದ್ದಕ್ಕಿಂತ ಹೆಚ್ಚು ಫೋನ್ ಬರುತ್ತವೆ.

ಶಾಸ್ತ್ರದ ಹೆಸರೂ ಹಾಗೆಯೇ. "ಮಾಂಗಲ್ಯಧಾರಣೆಯಿಂದ ಸಪ್ತಪದಿಯವರೆಗೆ" ಎಂದು ಬರೆದಿದ್ದನಲ್ಲ, ಆರನೇ ಫೋಟೋ ಸಪ್ತಪದಿ ಎಂದುಕೊಂಡೇ ಬರೆದದ್ದು. ಫೋಟೋದಲ್ಲಿ ಇಬ್ಬರೂ ಸೆರಗಿನ ಗಂಟು ಹಾಕಿಕೊಂಡು ಅಗ್ನಿಯ ಸುತ್ತ ಬರುತ್ತಿದ್ದಾರೆ. ಅದು ಅಗ್ನಿ ಪ್ರದಕ್ಷಿಣೆ. ಸಪ್ತಪದಿಯೆಂದರೆ ಒಟ್ಟಿಗೆ ಇಡುವ ಏಳು ಹೆಜ್ಜೆ, ನಮ್ಮ ಕಡೆ ಹೆಚ್ಚಾಗಿ ಏಳು ಅಕ್ಕಿ ಗುಡ್ಡೆಗಳನ್ನು ಒಂದೊಂದಾಗಿ ಮುಟ್ಟಿ ನಡೆಸುತ್ತಾರೆ. ಸಿನಿಮಾ ನೋಡಿ ನೋಡಿ ಎರಡೂ ಒಂದೇ ಎಂದು ಬಹಳ ಜನರ ತಲೆಯಲ್ಲಿ ಕೂತಿದೆ. ಸುಮ್ಮನೆ ಹೆಸರಿನ ವಿಷಯ ಅಂತ ಬಿಡುವ ಹಾಗೂ ಇಲ್ಲ. 1955ರ ಹಿಂದೂ ವಿವಾಹ ಕಾಯಿದೆಯ 7ನೇ ಕಲಮಿನಲ್ಲಿ, ಸಪ್ತಪದಿ ಇರುವ ಪದ್ಧತಿಯಲ್ಲಿ ಏಳನೇ ಹೆಜ್ಜೆ ಇಟ್ಟಾಗ ಮದುವೆ ಪೂರ್ತಿಯಾಗುತ್ತದೆ ಎಂದಿದೆ. ಈ ಮದುವೆಯಲ್ಲಿ ಸಪ್ತಪದಿ ಆಗಿದೆ, ಆದರೆ ಇವನ ಹತ್ತಿರ ಫೋಟೋ ಇಲ್ಲ. ಮುಂದಿನ ಮುಹೂರ್ತದವರು ಕಾಯುತ್ತಿದ್ದರು, ಅರ್ಚಕರು ಬೇಗ ಬೇಗ ಮುಗಿಸಿದರು, ಇವನು ಆಗ ಲೆನ್ಸ್ ಬದಲಾಯಿಸುತ್ತಿದ್ದ. ಇಲ್ಲದ ಫೋಟೋದ ಹೆಸರು ಕ್ಯಾಪ್ಷನ್ನಿನಲ್ಲಿ ಬೇಡ ಎಂದು ತೆಗೆದೆವು.

"ಯಾವುದೂ ಹೇಳಿ ತೆಗೆಸಿದ್ದಲ್ಲ" ಎಂಬ ಸಾಲಿಗೆ ಬಂದಾಗ ಸ್ವಲ್ಪ ಬಿಸಿ ಮಾತಾಯಿತು. ಎಂಟನೇ ಫೋಟೋ ಅವನಿಗೆ ಬಹಳ ಇಷ್ಟ. ಹುಡುಗ ಹುಡುಗಿ ಇಬ್ಬರೂ ಹಾರ ಸರಿ ಮಾಡಿಕೊಳ್ಳುತ್ತಾ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದಾರೆ, ಹಿಂದೆ ಕಂಬದ ನೆರಳು. ತುಂಬ ಚೆನ್ನಾಗಿದೆ. ತುಂಬ ಚೆನ್ನಾಗಿರುವುದೇ ನನ್ನ ಅನುಮಾನಕ್ಕೆ ಕಾರಣ. ಉಳಿದ ಒಂಬತ್ತರಲ್ಲೂ ಯಾರದೋ ಭುಜವೋ ಮೊಣಕೈಯೋ ಅಡ್ಡ ಬಂದಿದೆ, ಇದರಲ್ಲಿ ಹಿನ್ನೆಲೆ ತೊಳೆದಿಟ್ಟ ಹಾಗಿದೆ. ಬೆಳಕೂ ಎರಡು ಮುಖಕ್ಕೂ ಸಮವಾಗಿ ಬಿದ್ದಿದೆ.

"ಇದು ಹೇಳಿ ತೆಗೆಸಿದ್ದಾ?"

"ನಕ್ಕಿದ್ದು ನಿಜಾನೇ ಅಕ್ಕಾ. ಮೊದ್ಲು ನಕ್ಕಾಗ ಸಿಗ್ಲಿಲ್ಲ. ಆಚೆ ಕಂಬದ ಹತ್ರ ಬನ್ನಿ, ಇನ್ನೊಂದ್ಸಲ ಹಾರ ಸರಿ ಮಾಡ್ಕೊಳ್ಳಿ ಅಂದೆ. ಅಷ್ಟೇ."

ಅಷ್ಟೇ ಅಂದರೆ ಅಷ್ಟೇ ಇರಬಹುದು. ಹಾಗೆ ತೆಗೆಯುವುದರಲ್ಲಿ ತಪ್ಪಿಲ್ಲ, ಎಲ್ಲರೂ ತೆಗೆಯುತ್ತಾರೆ. ಆದರೆ ಅದರ ಕೆಳಗೆ "ಯಾವುದೂ ಹೇಳಿ ತೆಗೆಸಿದ್ದಲ್ಲ" ಎಂದು ಬರೆದರೆ ಆ 38 ಜನರಲ್ಲಿ ಇಬ್ಬರಿಗಾದರೂ ಅದು ಸುಳ್ಳೆಂದು ಗೊತ್ತು, ಮದುಮಕ್ಕಳಿಗೆ. ನಾಳೆ ಗೆಳತಿಯೊಬ್ಬಳು ಇವನ ಬಗ್ಗೆ ವಿಚಾರಿಸಿದರೆ ಅವರೇ ತಾನೆ ಹೇಳಬೇಕಾದವರು. ಸಾಲು ತೆಗೆಯೋಣ ಇಲ್ಲವೇ ಫೋಟೋ ಕೈಬಿಡೋಣ ಎಂದೆ. ಅವನು ಒಂದು ದಿನ ಮುನಿಸಿಕೊಂಡಿದ್ದು ಎರಡನ್ನೂ ತೆಗೆದ. ಎಂಟನೆಯದನ್ನು ಬೇರೆಯಾಗಿ, ಪೋರ್ಟ್ರೇಟ್ ಎಂದು ಹಾಕಿಕೊಳ್ಳುತ್ತೇನೆ ಅಂದ. ಸಾಲು ಹೋದದ್ದು ನನಗೆ ಇನ್ನೂ ಸಮಾಧಾನ. ಅಡ್ಡ ಬಂದ ಭುಜಗಳೂ ಗೆರೆಯಾದ ಅಕ್ಷತೆಯೂ ಇದು ಕ್ಯಾಂಡಿಡ್ ಎಂದು ತಾವೇ ಹೇಳುತ್ತವೆ.

ಒಪ್ಪಿಗೆಯ ವಿಷಯ ಬೇಗ ಮುಗಿಯಿತು, ಆದರೆ ಹೇಳಿಯೇ ಮುಂದೆ ಹೋಗಬೇಕು, ಬಹಳ ಫೋಟೋಗ್ರಾಫರುಗಳಿಗೆ ಇದು ಗೊತ್ತಿಲ್ಲ. ತೆಗೆದವನದೇ ಫೋಟೋ ಎಂದು ಇವನೂ ತಿಳಿದಿದ್ದ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮಿನ ಪ್ರಕಾರ, ಯಾರಾದರೂ ಹಣ ಕೊಟ್ಟು ತಮಗಾಗಿ ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ಅವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಇವನ ಹತ್ತಿರ ಬುಕಿಂಗಿನ ಮುಂಗಡದ ರಸೀದಿ ಬಿಟ್ಟರೆ ಏನೂ ಇರಲಿಲ್ಲ. ಪೋರ್ಟ್‌ಫೋಲಿಯೋಗೆ ಬಳಸಿಕೊಳ್ಳುತ್ತೇನೆ ಎಂಬ ಒಂದು ಸಾಲು ಬರಹದಲ್ಲಿ ಇರಬೇಕು. ಈ ಮದುವೆಗೆ ಹುಡುಗಿ ವಾಟ್ಸಾಪಿನಲ್ಲಿ ಫೋಟೋ ನಂಬರ್ ಹಾಕಿ "ಇವು ಹಾಕ್ಬಹುದು" ಎಂದು ಕಳಿಸಿದಳು. ದೇವಸ್ಥಾನದ ಹೆಸರು ಬೇಡ, ಲೊಕೇಶನ್ ಬೇಡ, ತಮ್ಮ ಹೆಸರೂ ಬೇಡ ಅಂದಳು. ಹೆಸರಿಲ್ಲದೆ ಕ್ಯಾಪ್ಷನ್ ಸಪ್ಪೆಯಾಗುತ್ತದೆ ಎಂದು ಇವನಿಗೆ ಬೇಸರ. ನನಗೆ ಹಾಗನ್ನಿಸಲಿಲ್ಲ. ಗುರುತಿಲ್ಲದ ಓದುಗರಿಗೆ ಹೆಸರಿಗಿಂತ "ಹುಡುಗನ ಅಕ್ಕ" ಅನ್ನುವುದೇ ಹತ್ತಿರ.

ಉಳಿದದ್ದು ಒಂಬತ್ತನೆಯ ಫೋಟೋ. ಅದನ್ನು ತೆರೆದಾಗ ನಾನು ಸುಮಾರು ಹೊತ್ತು ಸುಮ್ಮನೆ ನೋಡಿದೆ. ಮುಂದೆ ಈ ಮದುವೆಯವರ ಬೆನ್ನುಗಳು, ಮಸುಕಾಗಿ. ಫೋಕಸ್ ಇರುವುದು ಆಚೆ ಕಂಬದ ಪಕ್ಕ. ಅಲ್ಲಿ ಇನ್ನೊಬ್ಬ ಮದುಮಗಳು, ಮುಂದಿನ ಮುಹೂರ್ತದವಳು. ಬಾಸಿಂಗ ಕಟ್ಟಿ ಆಗಿದೆ, ಒಂದು ಕೈಯಲ್ಲಿ ಸೆರಗು ಹಿಡಿದು, ಕತ್ತು ಚಾಚಿ ಈ ಮಂಟಪದಲ್ಲಿ ಏನು ನಡೆಯುತ್ತಿದೆ ಎಂದು ನೋಡುತ್ತಿದ್ದಾಳೆ. ಇನ್ನರ್ಧ ಗಂಟೆಗೆ ತನಗೆ ಆಗಬೇಕಾದದ್ದನ್ನು ಇನ್ನೊಬ್ಬಳಿಗೆ ಆಗುತ್ತಿರುವಾಗ ನೋಡುವುದು. ದೇವಸ್ಥಾನದ ಮದುವೆಯಲ್ಲಿ ಮಾತ್ರ ಸಿಗುವ ಫೋಟೋ ಇದು. ಕಲ್ಯಾಣಮಂಟಪದಲ್ಲಿ ಒಂದು ಹೊತ್ತಿಗೆ ಒಬ್ಬಳೇ ಮದುಮಗಳು.

ಹಾಕುವ ಹಾಗಿಲ್ಲ. ಅವಳು ಇವನ ಗಿರಾಕಿಯಲ್ಲ, ಅವಳನ್ನು ಯಾರೂ ಕೇಳಿಲ್ಲ. ತನ್ನ ಮದುವೆಯ ಮೊದಲ ಫೋಟೋ ಅಪರಿಚಿತನ ಪುಟದಲ್ಲಿ ಬರುವುದು ಅವಳಿಗೆ ಇಷ್ಟವೋ ಇಲ್ಲವೋ. ಮುಖ ಮಸುಕು ಮಾಡಿ ಹಾಕುತ್ತೇನೆ ಅಂದ, ಮುಖ ಹೋದರೆ ಅಲ್ಲಿ ಉಳಿಯುವುದೇನು? ಕೊನೆಗೆ ಫೋಟೋ ಬಿಟ್ಟು ಮಾತು ಇಟ್ಟುಕೊಂಡೆವು. ಮುಂದಿನ ಮುಹೂರ್ತದವರು ಕಂಬದಾಚೆ ಕಾಯುತ್ತಿದ್ದರು ಎಂದರೆ ಯಾರ ಗುರುತೂ ಸಿಗುವುದಿಲ್ಲ. ದೇವಸ್ಥಾನದ ಮದುವೆ ನೋಡಿದವರಿಗೆ ಆ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಫೋಟೋದಲ್ಲಿ ತೋರಿಸಬಾರದ್ದಕ್ಕೆ ಕ್ಯಾಪ್ಷನ್ನಿನಲ್ಲಿ ಹೀಗೊಂದು ಜಾಗ ಸಿಗುತ್ತದೆ ಎಂದು ನಾನು ಮೊದಲು ಯೋಚಿಸಿರಲಿಲ್ಲ.

ಕೊನೆಯ ಸಾಲು ವ್ಯಾಪಾರದ್ದು. "ಕನಸಿನ ದಿನ ಸೆರೆಹಿಡಿಯಲು ಇಂದೇ ಸಂಪರ್ಕಿಸಿ" ಎನ್ನುವುದರಿಂದ ಓದಿದವರಿಗೆ ಏನೂ ತಿಳಿಯುವುದಿಲ್ಲ. ದೇವಸ್ಥಾನದಲ್ಲಿ ಮದುವೆ ಇಟ್ಟುಕೊಂಡವರಿಗೆ ಫೋಟೋಗ್ರಾಫರ್ ಬಗ್ಗೆ ಇರುವ ಭಯವೇ ಬೇರೆ: ನಾಲ್ಕು ಜನ ಹುಡುಗರು ಲೈಟ್ ಸ್ಟ್ಯಾಂಡ್ ಹೊತ್ತು ಬಂದು ಚಿಕ್ಕ ಮಂಟಪ ತುಂಬಿಬಿಡುತ್ತಾರೆ, ಅರ್ಚಕರಿಗೆ ಕೋಪ ಬರುತ್ತದೆ. ಇವನು ಒಬ್ಬನೇ ಹೋಗುತ್ತಾನೆ, ಫ್ಲ್ಯಾಶ್ ಒಯ್ಯುವುದಿಲ್ಲ. ಅದನ್ನೇ ಬರೆ ಎಂದೆ. ಕ್ಯಾಮೆರಾ, ಲೆನ್ಸಿನ ಹೆಸರು ಹಾಕಬೇಕೇ ಎಂದು ಕೇಳಿದ. ಅದನ್ನು ಓದುವವರು ಬೇರೆ ಫೋಟೋಗ್ರಾಫರುಗಳು, ಅವರೇನೂ ಇವನನ್ನು ಮದುವೆಗೆ ಕರೆಯುವುದಿಲ್ಲ.

ನಾಲ್ಕನೇ ದಿನ ಎಂಟು ಫೋಟೋಗಳೊಂದಿಗೆ ಹೋದ ಕ್ಯಾಪ್ಷನ್:

"ಎಲ್ಲರ ಅಕ್ಷತೆ ಬಿದ್ದಾಯ್ತು, ಅಜ್ಜಿಯ ಮುಷ್ಟಿ ಇನ್ನೂ ಬಿಚ್ಚಿರಲಿಲ್ಲ.

ದೂರದಿಂದ ಎಸೆಯುವುದು ಅವರಿಗೆ ಒಪ್ಪಿಗೆಯಿಲ್ಲ. ಗಟ್ಟಿಮೇಳ ನಿಂತು ಜನ ಚದುರಿದ ಮೇಲೆ ಎದ್ದು ಬಂದು, ಇಬ್ಬರ ತಲೆಯ ಮೇಲೂ ತಮ್ಮ ಕೈಯಾರೆ ಹಾಕಿದರು. ಅದು ಕೊನೆಯ ಫೋಟೋ.

ನಡುವೆ, ಅಂತರಪಟದ ಆಚೆ ತುದಿಗಾಲಲ್ಲಿ ನಿಂತ ಹುಡುಗಿ. ಗಂಟಿಗೆ ಕೈಜೋಡಿಸಿದ ಹುಡುಗನ ಅಕ್ಕ. ಶಲ್ಯದ ತುದಿಯಲ್ಲಿ ಕನ್ನಡಕ ಒರೆಸುತ್ತಿರುವ ಹುಡುಗಿಯ ಅಪ್ಪ.

ಎರಡೂ ಮನೆ ಸೇರಿ 38 ಜನ. ಕಂಬದಾಚೆ ಮುಂದಿನ ಮುಹೂರ್ತದವರು ಆಗಲೇ ಬಂದು ನಿಂತಿದ್ದರು.

ದೇವಸ್ಥಾನದ ಮದುವೆಗಳಿಗೆ ನಾನೊಬ್ಬನೇ ಬರುತ್ತೇನೆ, ಫ್ಲ್ಯಾಶ್ ಇಲ್ಲದೆ. ಮುಹೂರ್ತದ ದಿನ, ಹೊತ್ತು ಬರೆದು ಮೆಸೇಜ್ ಮಾಡಿ."

ಅಪ್ಪ "ಕಣ್ಣು ಒರೆಸುತ್ತಿರುವ" ಎಂದು ಅವನು ಬರೆದಿದ್ದ, ನಾನು ಕನ್ನಡಕಕ್ಕೆ ನಿಲ್ಲಿಸಿದೆ. ಫೋಟೋದಲ್ಲಿ ಇರುವುದು ಕನ್ನಡಕ. ಅಜ್ಜಿಯ ವಿಷಯದಲ್ಲಿ ಒಮ್ಮೆ ಎಡವಿದ್ದು ಸಾಕಾಗಿತ್ತು.

ಕಣ್ಣು ಕಾಣದವರ ಫೋನು ಓದಿ ಹೇಳಲೆಂದು ಪ್ರತಿ ಫೋಟೋಗೂ ಪ್ರತ್ಯೇಕ ವಿವರಣೆ ಬರೆಯುವ ಜಾಗವೂ ಇದೆ. ಅಲ್ಲಿ ಕಥೆ ಬೇಡ, ಕಂಡದ್ದು ಸಾಕು. ಮೊದಲನೆಯದಕ್ಕೆ ಬರೆದದ್ದು: "ಕಲ್ಲಿನ ಕಂಬಕ್ಕೊರಗಿ ನೆಲದ ಮೇಲೆ ಕೂತ ವೃದ್ಧೆ, ಮಡಿಲಲ್ಲಿ ಮುಷ್ಟಿ ಕಟ್ಟಿದ ಬಲಗೈ. ಸುತ್ತ ಮೇಲೆತ್ತಿದ ಕೈಗಳು, ಗಾಳಿಯಲ್ಲಿ ಅಕ್ಷತೆ."

ಪೋಸ್ಟ್ ಆದ ಮೇಲೆ ಒಂದು ತಿದ್ದುಪಡಿ ಬಂತು, ಅಜ್ಜಿಯಿಂದಲೇ. ಮೊಮ್ಮಗ ಓದಿ ಹೇಳಿದ್ದಾನೆ. "ಜನ ಚದುರಿದ ಮೇಲೆ ಅಲ್ಲ, ಜನ ಇದ್ದಾಗಲೇ ಹೋದೆ, ನಂಗೇನು ಹೆದರಿಕೆಯಾ" ಅಂದರಂತೆ. ಫೋಟೋ ನೋಡಿದರೆ ನಿಜ, ಪಕ್ಕದಲ್ಲಿ ಆರೇಳು ಜನ ಇದ್ದಾರೆ. ಕ್ಯಾಪ್ಷನ್ ತಿದ್ದಲು ಬರುತ್ತದೆ. "ಗಟ್ಟಿಮೇಳ ನಿಂತ ಮೇಲೆ ಎದ್ದು ಬಂದು" ಎಂದು ಮಾಡಿದೆವು.

ಒಂಬತ್ತನೆಯ ಫೋಟೋ ಅವನ ಲ್ಯಾಪ್‌ಟಾಪಿನಲ್ಲೇ ಕೂತಿತ್ತು. ಆ ದಿನ ಮುಂದಿನ ಮದುವೆಗೆ ಬಂದಿದ್ದ ಫೋಟೋಗ್ರಾಫರ್ ಇವನಿಗೆ ಮುಖ ಪರಿಚಯ. ಅವನ ಮೂಲಕ ಆ ಹುಡುಗಿಗೆ ದೊಡ್ಡ ಸೈಜಿನಲ್ಲೇ ಕಳಿಸಿದ, ದುಡ್ಡೇನೂ ಕೇಳಲಿಲ್ಲ. ನಾಲ್ಕೈದು ದಿನದ ಮೇಲೆ ಉತ್ತರ ಬಂತು: "ತುಂಬಾ ಥ್ಯಾಂಕ್ಸ್ ಅಣ್ಣಾ. ನನ್ನ ಆಲ್ಬಮ್ಮಿಗೆ ಹಾಕ್ಸಿದ್ದೀನಿ. ಎಲ್ಲೂ ಹಾಕ್ಬೇಡಿ ಆಯ್ತಾ." ಆಯ್ತು ಎಂದು ಬರೆದು ಕಳಿಸಿದ.